ಲೇಬಲ್ ಮೇಲೆ 220, 250, 211 ಕಂಡಾಗ: ಯಾವ ನಂಬರಿಗೆ ನಿಲ್ಲಬೇಕು, ಯಾವುದನ್ನು ದಾಟಿ ಹೋಗಬಹುದು

ನಮ್ಮ ಅಕ್ಕನಿಗೆ ಚಿಕ್ಕಂದಿನಿಂದ ಆಸ್ತಮಾ. ಒಂದು ಸಂಜೆ ಟೀವಿ ನೋಡುತ್ತಾ ನಾಲ್ಕೈದು ಒಣ ಏಪ್ರಿಕಾಟ್ ತಿಂದಳು. ಹತ್ತು ನಿಮಿಷಕ್ಕೆಲ್ಲ ಎದೆ ಬಿಗಿ, ಸುಂಯ್ ಸುಂಯ್ ಅಂತ ಉಸಿರು. ಇನ್ಹೇಲರ್ ತೆಗೆದುಕೊಂಡ ಮೇಲೆ ಸರಿಯಾಯಿತು. ಧೂಳು ಇರಬೇಕು ಅಂತ ಪರದೆ ಒಗೆದೆವು. ಮುಂದಿನ ವಾರ ಮತ್ತೆ ಹಾಗೇ ಆಯಿತು. ಆಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಅದಕ್ಕೆ ಮುಂಚೆ ಏನು ತಿಂದಿದ್ರಿ? ಪೊಟ್ಟಣ ಇಟ್ಟಿದ್ದೀರಾ?"

ಪೊಟ್ಟಣ ಇತ್ತು. ಹಿಂಬದಿಯಲ್ಲಿ ಒಂದೇ ಸಾಲು: ಏಪ್ರಿಕಾಟ್, ಪ್ರಿಸರ್ವೇಟಿವ್ (220).

ಅಲ್ಲಿಯವರೆಗೆ ನಾನು ಲೇಬಲ್ ಓದುತ್ತಿದ್ದೆ, ಆದರೆ ತಪ್ಪಾಗಿ ಓದುತ್ತಿದ್ದೆ. ಯಾವುದರಲ್ಲಿ ನಂಬರು ಜಾಸ್ತಿ ಇದೆಯೋ ಅದನ್ನು ವಾಪಸ್ ಇಡುತ್ತಿದ್ದೆ. ಆರು ನಂಬರಿದ್ದ ಬಿಸ್ಕತ್ತು ಕೆಟ್ಟದ್ದು, ಒಂದೇ ನಂಬರಿದ್ದ ಒಣಹಣ್ಣು ಒಳ್ಳೆಯದು ಅಂತ ಲೆಕ್ಕ. ನಮ್ಮ ಮನೆಯ ಮಟ್ಟಿಗೆ ಅದು ಪೂರ್ತಿ ಉಲ್ಟಾ ಆಗಿತ್ತು. ನಂಬರು ಎಷ್ಟಿವೆ ಅಂತ ಎಣಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ಯಾವ ನಂಬರು, ಯಾರ ತಟ್ಟೆಗೆ, ವಾರಕ್ಕೆ ಎಷ್ಟು ಸಲ, ಇಷ್ಟು ನೋಡಬೇಕು. ಹಾಗೆ ನೋಡಿದರೆ ಪ್ರಿಸರ್ವೇಟಿವ್‌ಗಳಲ್ಲಿ ನಿಜವಾಗಿ ನಿಂತು ಯೋಚಿಸಬೇಕಾದ್ದು ಮೂರೇ ಗುಂಪು. ಅಲ್ಲಿಗೆ ಹೋಗುವ ದಾರಿ ಹೀಗಿದೆ.

ಹೆಜ್ಜೆ 1: ಪೊಟ್ಟಣ ತಿರುಗಿಸಿ, ಕೊನೆಯ ಸಾಲಿಗೆ ಹೋಗಿ

ಮುಂಬದಿಯಲ್ಲಿ ಬರೆದದ್ದನ್ನು ಸದ್ಯಕ್ಕೆ ಮರೆತುಬಿಡಿ. ಹಸಿರು ಎಲೆ, "ನ್ಯಾಚುರಲ್", ಅಜ್ಜಿಯ ಚಿತ್ರ, ಯಾವುದೂ ಬೇಡ. ಹಿಂದೆ ಸಣ್ಣಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಅದನ್ನು ತೂಕದ ಪ್ರಕಾರ ಬರೆದಿರುತ್ತಾರೆ. ಯಾವುದು ಜಾಸ್ತಿಯೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಹಾಗಾಗಿ ಪ್ರಿಸರ್ವೇಟಿವ್‌ಗಳು ಸಾಮಾನ್ಯವಾಗಿ ಪಟ್ಟಿಯ ಬಾಲದಲ್ಲಿ ಸಿಗುತ್ತವೆ.

ಇಲ್ಲಿ ಒಂದು ಸಣ್ಣ ಉಪಾಯ ಹೇಳುತ್ತೇನೆ. ಪಟ್ಟಿಯಲ್ಲಿ ಉಪ್ಪು ಎಲ್ಲಿದೆ ನೋಡಿ. ಉಪ್ಪು ಒಂದೆರಡು ಶೇಕಡಾ ಇರುವುದು ಮಾಮೂಲು. ಅದರ ನಂತರ ಬರುವುದೆಲ್ಲ ಉಪ್ಪಿಗಿಂತ ಕಡಿಮೆ. ಉಪ್ಪಿಗಿಂತ ಮುಂಚೆ ಏನಿದೆ ಅನ್ನುವುದೇ ಆ ತಿಂಡಿಯ ನಿಜವಾದ ಜಾತಕ. ಎಷ್ಟೋ ಸಲ ನಾವು ಕೊನೆಯ ನಂಬರಿಗೆ ಹೆದರಿ ಎರಡನೇ ಸ್ಥಾನದಲ್ಲಿ ಕೂತಿರುವ ಸಕ್ಕರೆಯನ್ನು ನೋಡುವುದೇ ಇಲ್ಲ.

ನಂಬರಿನ ಪಕ್ಕದಲ್ಲಿ ಅದರ ಕೆಲಸವನ್ನೂ ಬರೆದಿರುತ್ತಾರೆ: ಪ್ರಿಸರ್ವೇಟಿವ್, ಬಣ್ಣ, ದಪ್ಪಗೊಳಿಸುವ ಪದಾರ್ಥ, ಹುಳಿ ಹದ ಮಾಡುವ ಪದಾರ್ಥ, ಹೀಗೆ. ಕೆಲವರು ನಂಬರು ಬರೆಯದೆ ಹೆಸರೇ ಬರೆಯುತ್ತಾರೆ. 211 ಅಂದರೂ ಒಂದೇ, ಸೋಡಿಯಂ ಬೆಂಜೋಯೇಟ್ ಅಂದರೂ ಒಂದೇ. ಜನ ನಂಬರಿಗೆ ಹೆದರುತ್ತಾರೆ ಅಂತ ಗೊತ್ತಾದ ಮೇಲೆ ಹೆಸರು ಬರೆಯುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಎರಡೂ ಗೊತ್ತಿರಬೇಕು.

ಹೆಜ್ಜೆ 2: ನಂಬರಿನ ಮೊದಲ ಅಂಕಿ ನೋಡಿ

ಈ ನಂಬರುಗಳು ಅಪಾಯದ ಮಟ್ಟವನ್ನು ಹೇಳುವುದಿಲ್ಲ. ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರು ಅಂಟಿಸಿರುತ್ತಾರಲ್ಲ, ಹಾಗೆ. ಯುರೋಪಿನಲ್ಲಿ ಮೊದಲು ಶುರುವಾಯಿತು, ಅದಕ್ಕೇ ಅಲ್ಲಿಯ ಲೇಬಲ್‌ಗಳಲ್ಲಿ ನಂಬರಿನ ಮುಂದೆ "ಇ" ಇರುತ್ತದೆ. ಆಮೇಲೆ 1989ರಲ್ಲಿ ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಐಎನ್‌ಎಸ್ ಅನ್ನುವ ಪಟ್ಟಿ ಮಾಡಿತು. ಎರಡರಲ್ಲೂ ನಂಬರು ಹೆಚ್ಚುಕಡಿಮೆ ಅವೇ.

100ರ ಸಾಲು ಬಣ್ಣ. 200ರ ಸಾಲು ಪ್ರಿಸರ್ವೇಟಿವ್. 300ರಲ್ಲಿ ಎಣ್ಣೆ ಕಮಟಾಗದಂತೆ, ಹಣ್ಣು ಕಪ್ಪಾಗದಂತೆ ತಡೆಯುವವು, ಜೊತೆಗೆ ಹುಳಿಗಳು. 400ರಲ್ಲಿ ದಪ್ಪ ಮಾಡುವವು. ಮುಂದಿನ ಸಾಲುಗಳನ್ನು ನೆನಪಿಡುವ ಅಗತ್ಯ ಇಲ್ಲ.

ಈಗ ಕೆಲವು ನಂಬರುಗಳ ಮುಖವಾಡ ತೆಗೆದು ನೋಡಿ. 300 ಅಂದರೆ ವಿಟಮಿನ್ ಸಿ. 100 ಅಂದರೆ ಅರಿಶಿನದ ಹಳದಿ. 500 ಗುಂಪಿನಲ್ಲಿ ಅಡುಗೆ ಸೋಡಾ ಇದೆ. 260 ಅಂದರೆ ವಿನೆಗರಿನ ಹುಳಿ. 440 ಅಂದರೆ ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್. 290 ಅಂದರೆ ಸೋಡಾದಲ್ಲಿ ಗುಳ್ಳೆ ಬರಿಸುವ ಗಾಳಿ. ನಂಬರು ಸಿಕ್ಕಿದೆ ಅಂದರೆ ಗುರುತಿಗಾಗಿ ಅದನ್ನು ಪಟ್ಟಿಗೆ ಸೇರಿಸಿದ್ದಾರೆ ಅಂತ ಅರ್ಥ, ಅಷ್ಟೇ.

ಈ ಹೆದರಿಕೆ ಹೊಸದೇನೂ ಅಲ್ಲ. 1976ರಲ್ಲಿ ಫ್ರಾನ್ಸಿನಲ್ಲಿ ಒಂದು ಕರಪತ್ರ ಕೈಯಿಂದ ಕೈಗೆ ಹರಿದಾಡಿತು. ವಿಲ್‌ಜುಯಿಫ್ ಅನ್ನುವ ಊರಿನ ಕ್ಯಾನ್ಸರ್ ಆಸ್ಪತ್ರೆ ಹೊರಡಿಸಿದ್ದು ಅಂತ ಅದರಲ್ಲಿತ್ತು. ಆಸ್ಪತ್ರೆ ನಮ್ಮದಲ್ಲ ಅಂತ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆ ಪಟ್ಟಿಯ ಪ್ರಕಾರ ಎಲ್ಲಕ್ಕಿಂತ ಅಪಾಯಕಾರಿ ನಂಬರು ಯಾವುದು ಗೊತ್ತಾ? 330. ಅಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನ ಹುಳಿ! ನಮ್ಮ ದೇಹದ ಜೀವಕೋಶಗಳಲ್ಲಿ ನಡೆಯುವ ಸಿಟ್ರಿಕ್ ಆಮ್ಲದ ಚಕ್ರಕ್ಕೆ ಅದನ್ನು ಕಂಡುಹಿಡಿದ ಹಾನ್ಸ್ ಕ್ರೆಬ್ಸ್ ಅವರ ಹೆಸರಿದೆ. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಕ್ಯಾನ್ಸರ್ ಅಂತಲೂ ಅರ್ಥ. ಯಾರೋ ಅಲ್ಲಿ ಎಡವಿರಬೇಕು ಅಂತಾರೆ. ಈಗ ನಮ್ಮ ಫೋನಿಗೆ ಬರುವ "ಈ ನಂಬರ್ ಇದ್ದರೆ ಮುಟ್ಟಬೇಡಿ" ಪಟ್ಟಿಗಳನ್ನು ಕಂಡಾಗಲೆಲ್ಲ ನಾನು ಮೊದಲು 330 ಇದೆಯಾ ಅಂತ ಹುಡುಕುತ್ತೇನೆ. ಇದ್ದರೆ ಪೂರ್ತಿ ಪಟ್ಟಿ ಅಳಿಸಿಬಿಡುತ್ತೇನೆ.

ಹೆಜ್ಜೆ 3: 200ರ ಸಾಲಿನಲ್ಲಿ ಮೊದಲು ಸಾಧುಗಳನ್ನು ಬಿಡಿ

ಪ್ರಿಸರ್ವೇಟಿವ್ ಅಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಬೂಷ್ಟು ಸುಮ್ನೆ ನೋಡಲು ಅಸಹ್ಯ ಅಂತಲ್ಲ, ಕೆಲವು ಬೂಷ್ಟುಗಳು ಮಾಡುವ ವಿಷ ಪ್ರಿಸರ್ವೇಟಿವ್‌ಗಿಂತ ಎಷ್ಟೋ ಪಾಲು ಕೆಟ್ಟದ್ದು. ಬ್ರೆಡ್ಡಿನಲ್ಲಿ ಸಿಗುವ 282, ಅಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್, ಬೂಷ್ಟು ತಡೆಯಲು ಹಾಕುವುದು. ಚೀಸು, ಕೇಕು, ಹಣ್ಣಿನ ಪಾನೀಯಗಳಲ್ಲಿ ಸಿಗುವ 200 ಮತ್ತು 202, ಸಾರ್ಬಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಸಾರ್ಬೇಟ್, ಇವೂ ಅದೇ ಕೆಲಸದವು. ಸಾರ್ಬೇಟ್ ನಮ್ಮ ದೇಹದಲ್ಲಿ ಮಾಮೂಲಿ ಕೊಬ್ಬಿನ ಆಮ್ಲದ ಹಾಗೆ ಕರಗಿ ಹೋಗುತ್ತದೆ. ಪ್ರೊಪಿಯೊನೇಟ್ ಅನ್ನು ನಮ್ಮ ಕರುಳಿನ ಸೂಕ್ಷ್ಮಜೀವಿಗಳೇ ದಿನಾ ತಯಾರಿಸುತ್ತವೆ. ಈ ಮೂರು ನಂಬರು ಕಂಡರೆ ನಾನು ನಿಲ್ಲುವುದಿಲ್ಲ.

ನಿಲ್ಲುವ ಜಾಗಗಳು ಮುಂದಿವೆ.

ಹೆಜ್ಜೆ 4: 220ರಿಂದ 228: ಸಲ್ಫೈಟ್

ಅಕ್ಕನ ಪೊಟ್ಟಣದ 220 ಅಂದರೆ ಸಲ್ಫರ್ ಡೈಆಕ್ಸೈಡ್, ಗಂಧಕ ಸುಟ್ಟಾಗ ಬರುವ ಗಾಳಿ. 223 ಸೋಡಿಯಂ ಮೆಟಾಬೈಸಲ್ಫೈಟ್, 224 ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹುಳಿಯ ಜೊತೆ ಸೇರಿದಾಗ ಇವೆಲ್ಲ ಕೊನೆಗೆ ಅದೇ ಗಾಳಿಯನ್ನು ಬಿಡುತ್ತವೆ. ಒಣಹಣ್ಣು, ವೈನು, ಬಾಟಲಿಯ ನಿಂಬೆರಸ, ಹಣ್ಣಿನ ಸ್ಕ್ವಾಷು, ಒಣಗಿಸಿದ ಆಲೂಗಡ್ಡೆ, ಸಿಗಡಿ, ಇಂಥವುಗಳಲ್ಲಿ ಜಾಸ್ತಿ.

ಆಸ್ತಮಾ ಇರುವವರಿಗೆ ತೊಂದರೆ ಆಗುವುದು ಈ ಗಾಳಿಯಿಂದಲೇ. ಬಾಯಲ್ಲಿ, ಹೊಟ್ಟೆಯ ಹುಳಿಯಲ್ಲಿ ಬಿಡುಗಡೆಯಾದ ಗಾಳಿ ಉಸಿರಿನ ಜೊತೆ ಶ್ವಾಸನಾಳಕ್ಕೆ ಹೋಗುತ್ತದೆ, ನಾಳ ಸೆಟೆದುಕೊಳ್ಳುತ್ತದೆ. ಹಾಗಾಗಿ ಇದು ನಿಮಿಷಗಳಲ್ಲಿ ಗೊತ್ತಾಗುತ್ತದೆ. ಎಲ್ಲ ಆಸ್ತಮಾ ರೋಗಿಗಳಿಗೂ ಹೀಗಾಗುವುದಿಲ್ಲ. ಸಾಮಾನ್ಯವಾಗಿ ಹೇಳುವ ಅಂದಾಜು 100ರಲ್ಲಿ 3ರಿಂದ 10 ಜನ. ಆದರೆ ಆಗುವವರಿಗೆ ಜೋರಾಗಿಯೇ ಆಗಬಹುದು. ಅಮೆರಿಕದಲ್ಲಿ 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಸಲ್ಫೈಟ್ ಸಿಂಪಡಿಸುವುದನ್ನು ನಿಷೇಧಿಸಿದ್ದಕ್ಕೆ ಇದೇ ಕಾರಣ. ಸಲಾಡ್ ತಾಜಾ ಕಾಣಲಿ ಅಂತ ಹೋಟೆಲುಗಳಲ್ಲಿ ಹಾಕುತ್ತಿದ್ದರು, ತಿಂದವರಲ್ಲಿ ಕೆಲವರು ಸತ್ತೇ ಹೋದರು.

ಆಸ್ತಮಾ ಇಲ್ಲದವರಿಗೆ? ಅವರು ಪ್ರಮಾಣ ನೋಡಿದರೆ ಸಾಕು. ಇದಕ್ಕೆ ಒಂದು ಲೆಕ್ಕ ಇದೆ, ಒಮ್ಮೆ ಮಾಡಿ ನೋಡಿದರೆ ಬೇರೆ ನಂಬರುಗಳಿಗೂ ಬರುತ್ತದೆ.

ಜೀವನಪೂರ್ತಿ ದಿನಾ ತಿಂದರೂ ತೊಂದರೆ ಆಗಬಾರದು ಅನ್ನುವ ಮಿತಿಯೊಂದನ್ನು ಪರಿಣಿತರು ಇಡುತ್ತಾರೆ. ಎಡಿಐ ಅಂತ ಅದರ ಹೆಸರು. ಸಾಮಾನ್ಯವಾಗಿ ಪ್ರಾಣಿಗಳಿಗೆ ಏನೂ ಆಗದ ಪ್ರಮಾಣವನ್ನು ನೂರರಿಂದ ಭಾಗಿಸಿ ಇಡುವ ಮಿತಿ ಅದು. ಸಲ್ಫೈಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಇಟ್ಟಿರುವುದು ದೇಹದ ತೂಕದ ಪ್ರತಿ ಕಿಲೋಗೆ 0.7 ಮಿಲಿಗ್ರಾಂ. ಇದು ಬಹಳ ಚಿಕ್ಕ ಮಿತಿ. 20 ಕಿಲೋ ತೂಗುವ ಮಗು ಅಂದುಕೊಳ್ಳಿ. 20 × 0.7, ದಿನಕ್ಕೆ 14 ಮಿಲಿಗ್ರಾಂ ಆಯಿತು. ಒಣ ಏಪ್ರಿಕಾಟ್‌ಗೆ ಕೋಡೆಕ್ಸ್ ಒಪ್ಪಿರುವ ಗರಿಷ್ಠ ಪ್ರಮಾಣ ಕಿಲೋಗೆ 2000 ಮಿಲಿಗ್ರಾಂ, ಅಂದರೆ ಒಂದು ಗ್ರಾಂ ಹಣ್ಣಿನಲ್ಲಿ ಎರಡು ಮಿಲಿಗ್ರಾಂ. 14 ಮಿಲಿಗ್ರಾಂಗೆ 7 ಗ್ರಾಂ ಹಣ್ಣು ಸಾಕು. ಒಂದು ಒಣ ಏಪ್ರಿಕಾಟ್ ಸುಮಾರು 7 ಗ್ರಾಂ. ಒಂದು ತಿಂದರೆ ಮಗುವಿನ ಆ ದಿನದ ಲೆಕ್ಕ ಮುಗಿಯಿತು! 60 ಕಿಲೋ ದೊಡ್ಡವರಿಗೆ ಮೂರು ಹಣ್ಣು.

ಇದು ಗರಿಷ್ಠ ಪ್ರಮಾಣ ಹಾಕಿದ್ದಾರೆ ಅಂದುಕೊಂಡು ಮಾಡಿದ ಲೆಕ್ಕ. ನಿಜವಾಗಿ ಕಡಿಮೆ ಇರಬಹುದು, ಪೊಟ್ಟಣ ಹಳೆಯದಾದಂತೆ ಸ್ವಲ್ಪ ಹಾರಿಯೂ ಹೋಗುತ್ತದೆ. ಒಂದು ದಿನ ಮಿತಿ ದಾಟಿದರೆ ವಿಷವೂ ಆಗುವುದಿಲ್ಲ, ಅದು ದಿನಾ ತಿನ್ನುವ ಲೆಕ್ಕ. ಆದರೂ "ಒಣಹಣ್ಣು ಒಳ್ಳೇದು" ಅಂತ ಮಗುವಿನ ಡಬ್ಬಿಗೆ ದಿನಾ ಒಂದು ಹಿಡಿ ಹಾಕುವವರು ಈ ಲೆಕ್ಕ ಗಮನಿಸಬೇಕು. 2022ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ತಾನು ಇಟ್ಟುಕೊಂಡಿದ್ದ ಇದೇ 0.7ರ ತಾತ್ಕಾಲಿಕ ಮಿತಿಯನ್ನೂ ವಾಪಸ್ ಪಡೆಯಿತು. ಮಾಹಿತಿ ಸಾಲದು, ಜಾಸ್ತಿ ತಿನ್ನುವವರ ಬಗ್ಗೆ ಚಿಂತೆ ಇದೆ ಅಂತ ಹೇಳಿತು. ನಾನು ಈ ಗುಂಪನ್ನು ಮೊದಲ ಸ್ಥಾನದಲ್ಲಿ ಇಟ್ಟಿರುವುದಕ್ಕೆ ಅದೂ ಒಂದು ಕಾರಣ. ಬೇರೆ ಹೆಚ್ಚಿನ ಪ್ರಿಸರ್ವೇಟಿವ್‌ಗಳಲ್ಲಿ ಮಿತಿಗೂ ತಟ್ಟೆಗೂ ತುಂಬಾ ಅಂತರ ಇರುತ್ತದೆ. ಇಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ.

ಕಣ್ಣಿನಲ್ಲೇ ಗುರುತು ಹಿಡಿಯುವುದು ಹೇಗೆ? ಏಪ್ರಿಕಾಟ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಾ ಮೆತ್ತಗಿದ್ದರೆ ಗಂಧಕದ ಹೊಗೆ ಕಂಡಿದೆ. ಸುಮ್ಮನೆ ಬಿಸಿಲಿಗೆ ಒಣಗಿದ್ದು ಕಂದು ಬಣ್ಣಕ್ಕೆ ತಿರುಗಿ, ಸ್ವಲ್ಪ ಚರ್ಮದ ಹಾಗೆ ಇರುತ್ತದೆ. ದ್ರಾಕ್ಷಿಯೂ ಅಷ್ಟೇ, ಚಿನ್ನದ ಬಣ್ಣದ್ದರ ಮೇಲೆ ಅನುಮಾನ ಇರಲಿ, ಕಪ್ಪಗಿರುವುದು ಸಾಮಾನ್ಯವಾಗಿ ಹಾಗೇ ಒಣಗಿಸಿದ್ದು. ಹೊಸ ಪೊಟ್ಟಣ ಒಡೆದ ಕೂಡಲೇ ಬೆಂಕಿಕಡ್ಡಿ ಗೀರಿದ ಹಾಗೆ ವಾಸನೆ ಬಂದರೆ ಮತ್ತೇನೂ ಕೇಳಬೇಕಿಲ್ಲ.

ಎಡವುವ ಜಾಗ ಎರಡಿವೆ. ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಇದ್ದರೆ ಲೇಬಲ್ ಮೇಲೆ ಹೇಳಬೇಕು ಅನ್ನುವುದು ಕೋಡೆಕ್ಸ್ ನಿಯಮ, ಹಲವು ದೇಶಗಳೂ ಅದನ್ನೇ ಇಟ್ಟುಕೊಂಡಿವೆ. ಆದರೆ ಬಿಡಿಯಾಗಿ ತೂಗಿ ಕೊಡುವ ಹಣ್ಣಿಗೆ ಲೇಬಲ್ಲೇ ಇರುವುದಿಲ್ಲ. ಕೇಳಿ ತಿಳಿಯಬೇಕು, ಗೊತ್ತಿಲ್ಲ ಅಂದರೆ ಆಸ್ತಮಾ ಇರುವವರು ಬಿಟ್ಟುಬಿಡುವುದೇ ಸರಿ. ಎರಡನೆಯದು ಹೆಸರಿನ ಗೊಂದಲ. ಸಲ್ಫೈಟ್ ಬೇರೆ, ಸಲ್ಫೇಟ್ ಬೇರೆ. ಸಲ್ಫೇಟ್ ಅಂತ ಇದ್ದರೆ ಈ ತೊಂದರೆ ಇಲ್ಲ. ಸಲ್ಫಾ ಮಾತ್ರೆಯ ಅಲರ್ಜಿ ಇರುವವರಿಗೂ ಇದಕ್ಕೂ ಸಂಬಂಧ ಇಲ್ಲ. ಅಕ್ಕ ಒಂದು ತಿಂಗಳು ಸಲ್ಫೇಟ್ ಇರುವ ಶಾಂಪೂವನ್ನೂ ಬಿಟ್ಟಿದ್ದಳು ಪಾಪ!

ಹೆಜ್ಜೆ 5: 249ರಿಂದ 252: ನೈಟ್ರೈಟ್, ನೈಟ್ರೇಟ್

ಮಾಂಸ ತಿನ್ನದವರು ಈ ಭಾಗ ದಾಟಿ ಹೋಗಬಹುದು. ಸಾಸೇಜು, ಹ್ಯಾಮು, ಬೇಕನ್, ಸಲಾಮಿ ತಿನ್ನುವವರು ಇಲ್ಲಿ ನಿಲ್ಲಿ.

ಬೇಯಿಸಿದ ಮಾಂಸ ಕಂದಾಗಬೇಕು, ಅಲ್ವಾ? ಹ್ಯಾಮು ಮಾತ್ರ ಗುಲಾಬಿ ಬಣ್ಣದಲ್ಲೇ ಇರುತ್ತದೆ. ಅದು 250ರ, ಅಂದರೆ ಸೋಡಿಯಂ ನೈಟ್ರೈಟ್‌ನ ಕೆಲಸ. ಬಣ್ಣಕ್ಕಷ್ಟೇ ಹಾಕುತ್ತಾರೆ ಅಂತ ಬೈಯುವುದೂ ನ್ಯಾಯ ಅಲ್ಲ. ಗಾಳಿಯಾಡದ ಮಾಂಸದಲ್ಲಿ ಬೆಳೆಯುವ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾ ಮಾಡುವ ವಿಷ ಮನುಷ್ಯನನ್ನು ಕೊಲ್ಲುವಂಥದ್ದು. ನೈಟ್ರೈಟ್ ಅದನ್ನು ತಡೆಯುತ್ತದೆ.

ಸಮಸ್ಯೆ ಏನೆಂದರೆ, ನೈಟ್ರೈಟ್ ಮಾಂಸದಲ್ಲಿರುವ ಪ್ರೋಟೀನಿನ ತುಣುಕುಗಳ ಜೊತೆ ಸೇರಿ ನೈಟ್ರೊಸಮೈನ್ ಅನ್ನುವ ವಸ್ತುಗಳಾಗುತ್ತದೆ. ಇವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು. ಜೋರು ಉರಿಯಲ್ಲಿ ಹುರಿದರೆ ಜಾಸ್ತಿ ಆಗುತ್ತವೆ, ಹೊಟ್ಟೆಯೊಳಗೂ ಆಗುತ್ತವೆ. ತಯಾರಕರು ಜೊತೆಯಲ್ಲಿ 301 ಅಥವಾ 316 ಹಾಕಿರುವುದನ್ನು ನೋಡಿರಬಹುದು. ಇವು ವಿಟಮಿನ್ ಸಿ ಮತ್ತು ಅದರ ಸೋದರ ಸಂಬಂಧಿಯ ಲವಣಗಳು, ನೈಟ್ರೊಸಮೈನ್ ಆಗುವುದನ್ನು ಕಡಿಮೆ ಮಾಡುತ್ತವೆ. ಅಂದರೆ ಇಲ್ಲಿ ಇನ್ನೊಂದು ನಂಬರು ಸೇರಿದರೆ ಒಳ್ಳೆಯದೇ. ನಂಬರು ಎಣಿಸಿ ಪ್ರಯೋಜನ ಇಲ್ಲ ಅಂದೆನಲ್ಲ, ಇದಕ್ಕೇ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಅದೇ ಒಂದನೇ ಗುಂಪಿಗೆ ಸೇರಿಸಿತು. ತುಂಬಾ ಜನ ಇದನ್ನು ತಪ್ಪು ತಿಳಿದರು. ಒಂದೇ ಗುಂಪು ಅಂದರೆ ಎರಡೂ ಕ್ಯಾನ್ಸರ್ ತರುತ್ತವೆ ಅನ್ನುವುದಕ್ಕೆ ಪುರಾವೆ ಗಟ್ಟಿ ಇದೆ ಅಂತ. ಅಪಾಯ ಸಮಸಮ ಅಂತ ಅಲ್ಲ. ಅವರು ಕೊಟ್ಟ ಅಂದಾಜು ಹೀಗಿತ್ತು: ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇಕಡಾ 18 ಹೆಚ್ಚು. 18 ಅಂದರೆ ಗಾಬರಿ ಆಗುತ್ತದೆ. ಒಂದು ಕಡೆ ಜೀವಮಾನದಲ್ಲಿ 100 ಜನರಲ್ಲಿ 5 ಜನರಿಗೆ ಈ ಕಾಯಿಲೆ ಬರುತ್ತದೆ ಅಂದುಕೊಳ್ಳಿ. ಆ ನೂರೂ ಜನ ದಿನಾ 50 ಗ್ರಾಂ ತಿಂದರೆ 5 ಇದ್ದದ್ದು ಸುಮಾರು 6 ಆಗುತ್ತದೆ. ತಿಂಗಳಿಗೊಮ್ಮೆ ಪಾರ್ಟಿಯಲ್ಲಿ ಎರಡು ಚೂರು ತಿನ್ನುವವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಮಗುವಿನ ಬೆಳಗಿನ ತಿಂಡಿಗೆ ದಿನಾ ಸಾಸೇಜು ಹುರಿಯುವ ಮನೆ ಯೋಚಿಸಬೇಕು. ತಿನ್ನುವ ದಿನ ಕರಕಲಾಗದಂತೆ ಸಣ್ಣ ಉರಿಯಲ್ಲಿ ಮಾಡಿಕೊಳ್ಳಿ.

ಈ ಗುಂಪಿನಲ್ಲಿ ನನಗೆ ಸಿಟ್ಟು ಬರಿಸುವ ಒಂದು ಆಟ ಇದೆ. ಮುಂಬದಿಯಲ್ಲಿ "ನೈಟ್ರೈಟ್ ಸೇರಿಸಿಲ್ಲ" ಅಂತ ದೊಡ್ಡದಾಗಿ ಬರೆದಿರುತ್ತದೆ. ಹಿಂದೆ ನೋಡಿದರೆ "ಸೆಲರಿ ಪುಡಿ" ಅಥವಾ "ಸೆಲರಿ ರಸ" ಅಂತ ಇರುತ್ತದೆ. ಸೆಲರಿ ಸೊಪ್ಪಿನಲ್ಲಿ ನೈಟ್ರೇಟ್ ತುಂಬಾ. ಬ್ಯಾಕ್ಟೀರಿಯಾ ಬಿಟ್ಟು ಅದನ್ನು ನೈಟ್ರೈಟ್ ಮಾಡಿ ಹಾಕಿರುತ್ತಾರೆ. ಮಾಂಸಕ್ಕೆ ಗೊತ್ತಾಗುವುದಿಲ್ಲ ಅದು ಸೊಪ್ಪಿನದೋ ಕಾರ್ಖಾನೆಯದೋ ಅಂತ. ಬಣ್ಣ ಗುಲಾಬಿ ಇದ್ದು ನಂಬರು ಇಲ್ಲದಿದ್ದರೆ ಸೆಲರಿ ಹುಡುಕಿ.

ಹಾಗಾದರೆ ಸೊಪ್ಪು ತಿನ್ನುವುದೂ ಬೇಡವಾ ಅಂತ ಕೇಳಬೇಡಿ. ನಾವು ತಿನ್ನುವ ನೈಟ್ರೇಟಿನಲ್ಲಿ ಬಹುಪಾಲು ಬರುವುದೇ ತರಕಾರಿಯಿಂದ. ಅಲ್ಲಿ ಅದರ ಜೊತೆಗೆ ವಿಟಮಿನ್ ಸಿ ಮತ್ತಿತರ ರಕ್ಷಕರೂ ಬರುತ್ತವೆ, ಮಾಂಸ ಇರುವುದಿಲ್ಲ, ಉರಿಯಲ್ಲಿ ಹುರಿಯುವುದೂ ಕಡಿಮೆ.

ಹೆಜ್ಜೆ 6: 210ರಿಂದ 213: ಬೆಂಜೋಯೇಟ್

ಇದು ಮೂರರಲ್ಲಿ ಕೊನೆಯದು, ಹೆದರಿಕೆಯೂ ಕಡಿಮೆ. 211, ಸೋಡಿಯಂ ಬೆಂಜೋಯೇಟ್, ಹುಳಿ ಇರುವಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ತಂಪು ಪಾನೀಯ, ಉಪ್ಪಿನಕಾಯಿ, ಸಾಸು, ಜಾಮುಗಳಲ್ಲಿ ಸಿಗುತ್ತದೆ, ಹಾಲಿನಲ್ಲೋ ಬ್ರೆಡ್ಡಿನಲ್ಲೋ ಅಪರೂಪ. ಕ್ರ್ಯಾನ್‌ಬೆರಿ ಹಣ್ಣಿನಲ್ಲಿ ತಾನಾಗಿಯೇ ಇರುತ್ತದೆ. ದೇಹ ಇದನ್ನು ಬೇಗ ಮೂತ್ರದಲ್ಲಿ ಹೊರಗೆ ಹಾಕುತ್ತದೆ.

ಇದರ ಮಿತಿಯ ಬಗ್ಗೆ ದೊಡ್ಡ ಸಂಸ್ಥೆಗಳಲ್ಲೇ ಒಮ್ಮತ ಇಲ್ಲ. ಯುರೋಪಿನ ಪ್ರಾಧಿಕಾರ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಸಮಿತಿಯೂ ಮೊದಲು ಅದನ್ನೇ ಹೇಳುತ್ತಿತ್ತು, 2021ರಲ್ಲಿ 20ಕ್ಕೆ ಏರಿಸಿತು. ನಾನು ಬಿಗಿಯಾದದ್ದನ್ನೇ ಹಿಡಿಯುತ್ತೇನೆ. 20 ಕಿಲೋ ಮಗುವಿಗೆ ಆಗ ದಿನಕ್ಕೆ 100 ಮಿಲಿಗ್ರಾಂ. ಒಂದು ಲೀಟರ್ ಪಾನೀಯದಲ್ಲಿ 150 ಮಿಲಿಗ್ರಾಂ ಇದ್ದರೆ, ಮಗು ಮಿತಿ ಮುಟ್ಟಲು ದಿನಾ ಮುಕ್ಕಾಲು ಲೀಟರಿಗೆ ಹತ್ತಿರ ಕುಡಿಯಬೇಕು. ಅಷ್ಟು ಕುಡಿಯುತ್ತಿದ್ದರೆ ನಿಮ್ಮ ಮೊದಲ ಚಿಂತೆ 211 ಆಗಬಾರದು, ಅದರಲ್ಲಿರುವ ಸಕ್ಕರೆ ಆಗಬೇಕು.

ನೋಡಬೇಕಾದ್ದು ಒಂದು ಜೋಡಿ: 211ರ ಜೊತೆ 300. ಬೆಂಜೋಯೇಟ್ ಮತ್ತು ವಿಟಮಿನ್ ಸಿ ಒಂದೇ ಬಾಟಲಿಯಲ್ಲಿ ಬಿಸಿಲಿಗೆ, ಬಿಸಿಗೆ ಕೂತರೆ ಸ್ವಲ್ಪ ಸ್ವಲ್ಪ ಬೆಂಜೀನ್ ಆಗುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. 2005ರ ಹೊತ್ತಿಗೆ ಇದು ದೊಡ್ಡ ಸುದ್ದಿಯಾಗಿ, ಅಮೆರಿಕದಲ್ಲಿ ಪಾನೀಯಗಳನ್ನು ಪರೀಕ್ಷೆ ಮಾಡಿದರು. ಹೆಚ್ಚಿನವುಗಳಲ್ಲಿ ಅಲ್ಲಿನ ಕುಡಿಯುವ ನೀರಿನ ಮಿತಿಗಿಂತ, ಅಂದರೆ ನೂರು ಕೋಟಿಯಲ್ಲಿ 5 ಭಾಗಕ್ಕಿಂತ ಕಡಿಮೆಯೇ ಇತ್ತು. ಮೀರಿದ ಕೆಲವನ್ನು ತಯಾರಕರು ಬದಲಾಯಿಸಿದರು. ಮನೆಯಲ್ಲಿ ಮಾಡಬೇಕಾದ್ದು ಸುಲಭ. ಎರಡೂ ನಂಬರು ಇರುವ ಬಾಟಲಿಯನ್ನು ಕಾರಿನಲ್ಲಿ, ಕಿಟಕಿಯ ಬಿಸಿಲಿನಲ್ಲಿ ಬಿಡಬೇಡಿ. ಅಂಗಡಿಯವರು ಬಾಗಿಲ ಹೊರಗೆ ಬಿಸಿಲಿಗೆ ಪೇರಿಸಿಟ್ಟ ಬಾಟಲಿ ತರಬೇಡಿ.

ಕೆಲವರಿಗೆ ಬೆಂಜೋಯೇಟ್‌ನಿಂದ ಮೈಯೆಲ್ಲ ಪಿತ್ತಗಂಧೆ ಏಳುವುದುಂಟು. ಅಂಥವರು ಕಡಿಮೆ. ಪದೇ ಪದೇ ಏಳುತ್ತಿದ್ದರೆ ತಿಂದದ್ದನ್ನು ಎರಡು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಬಣ್ಣಗಳ ಬಗ್ಗೆ ಇಲ್ಲೇ ಒಂದು ಮಾತು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕೆಲವು ಕೃತಕ ಬಣ್ಣಗಳ ಮಿಶ್ರಣವನ್ನು 211ರ ಜೊತೆ ಮಕ್ಕಳಿಗೆ ಕೊಟ್ಟು ನೋಡಿದರು. ಕೆಲವು ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಾಯಿತು. ಪರಿಣಾಮ ಸಣ್ಣದು, ಎಲ್ಲ ಮಕ್ಕಳಲ್ಲೂ ಒಂದೇ ಥರ ಇರಲಿಲ್ಲ. ಆದರೂ ಯುರೋಪಿನಲ್ಲಿ 2010ರಿಂದ 102, 104, 110, 122, 124, 129 ಇರುವ ತಿಂಡಿಯ ಮೇಲೆ ಎಚ್ಚರಿಕೆಯ ಸಾಲು ಹಾಕಬೇಕು. ಬಣ್ಣ ಹೊಟ್ಟೆಗೆ ಏನೂ ಉಪಕಾರ ಮಾಡುವುದಿಲ್ಲ, ಬೂಷ್ಟನ್ನೂ ತಡೆಯುವುದಿಲ್ಲ. ಹಾಗಾಗಿ ಬಿಟ್ಟರೆ ನಷ್ಟ ಇಲ್ಲ.

ಹೆಜ್ಜೆ 7: ಒಂದು ಲೇಬಲ್ ಪೂರ್ತಿ ಓದೋಣ

ಒಂದು ಟೊಮೆಟೊ ಸಾಸ್ ಬಾಟಲಿ ಕೈಯಲ್ಲಿದೆ ಅಂದುಕೊಳ್ಳಿ. ಹಿಂದೆ ಹೀಗಿದೆ: ನೀರು, ಸಕ್ಕರೆ, ಟೊಮೆಟೊ ಪೇಸ್ಟ್, ಉಪ್ಪು, ಹುಳಿ ಹದ ಮಾಡುವ ಪದಾರ್ಥ (260), ದಪ್ಪಗೊಳಿಸುವ ಪದಾರ್ಥ (1422, 415), ಪ್ರಿಸರ್ವೇಟಿವ್ (211).

ನಾಲ್ಕು ನಂಬರು ಇವೆ. 260 ವಿನೆಗರಿನ ಹುಳಿ, ಮುಂದೆ ಹೋಗಿ. 1422 ಮಾರ್ಪಡಿಸಿದ ಪಿಷ್ಟ, 415 ಸೂಕ್ಷ್ಮಜೀವಿಗಳಿಂದ ಮಾಡುವ ಅಂಟು. ಇವುಗಳಿಂದ ಅಪಾಯ ಇಲ್ಲ, ಆದರೆ ಇವು ಒಂದು ಗುಟ್ಟು ಹೇಳುತ್ತವೆ: ಟೊಮೆಟೊ ಕಡಿಮೆ ಹಾಕಿ, ಗಟ್ಟಿ ಕಾಣಲಿ ಅಂತ ಇವನ್ನು ಹಾಕಿದ್ದಾರೆ. ಮೇಲಿನ ಸಾಲು ನೋಡಿದರೆ ಅದೇ ನಿಜ, ಟೊಮೆಟೊ ಮೂರನೇ ಸ್ಥಾನದಲ್ಲಿದೆ, ಸಕ್ಕರೆ ಅದಕ್ಕಿಂತ ಮುಂದೆ. 211 ಇದೆ, ಜೊತೆಗೆ 300 ಇಲ್ಲ. ಟೊಮೆಟೊದಲ್ಲೇ ಸ್ವಲ್ಪ ವಿಟಮಿನ್ ಸಿ ಇರುತ್ತದೆ, ಹಾಗಾಗಿ ತಂಪಾದ ಕಡೆ ಇಡುವುದು ಒಳ್ಳೆಯದು. ಒಂದು ಚಮಚ ಸಾಸಿನಲ್ಲಿ ಬರುವ ಬೆಂಜೋಯೇಟ್ ಲೆಕ್ಕಕ್ಕೆ ಬರುವಷ್ಟಿಲ್ಲ.

ಈ ಬಾಟಲಿಯನ್ನು ನಾನಾದರೆ ವಾಪಸ್ ಇಡುತ್ತೇನೆ. ಇಡುವುದು 211ಕ್ಕಾಗಿ ಅಲ್ಲ, ಟೊಮೆಟೊ ಸಾಸ್ ಅಂತ ಸಕ್ಕರೆ ನೀರಿಗೆ ದುಡ್ಡು ಕೊಡಲು ಮನಸ್ಸಿಲ್ಲ, ಅದಕ್ಕೆ.

ಪಕ್ಕದಲ್ಲೇ "ಪ್ರಿಸರ್ವೇಟಿವ್ ಇಲ್ಲ" ಅನ್ನುವ ಇನ್ನೊಂದು ಬಾಟಲಿ ಇರುತ್ತದೆ. ಅದು ಸುಳ್ಳೇ ಆಗಿರಬೇಕು ಅಂತೇನಿಲ್ಲ. ಹುಳಿ, ಸಕ್ಕರೆ, ಉಪ್ಪು ಸಾಕಷ್ಟಿದ್ದು, ಬಿಸಿಯಾಗಿರುವಾಗಲೇ ತುಂಬಿ ಮುಚ್ಚಿದರೆ ಪ್ರಿಸರ್ವೇಟಿವ್ ಬೇಕಾಗುವುದಿಲ್ಲ. ಆದರೆ ಮುಚ್ಚಳ ತೆಗೆದ ಮೇಲೆ ಕಾವಲಿಗೆ ಯಾರೂ ಇಲ್ಲ. ಅದನ್ನು ಫ್ರಿಜ್ಜಿನಲ್ಲೇ ಇಟ್ಟು, ಬಾಟಲಿ ಮೇಲೆ ಹೇಳಿದಷ್ಟು ದಿನದಲ್ಲಿ ಮುಗಿಸಬೇಕು. ಮುಗಿಸಲು ಆಗುವುದಿಲ್ಲ ಅಂದರೆ ಚಿಕ್ಕ ಬಾಟಲಿ ತನ್ನಿ. ಮೇಲೆ ಬೂಷ್ಟು ಕಂಡರೆ ಅಷ್ಟನ್ನು ಚಮಚದಲ್ಲಿ ತೆಗೆದು ಉಳಿದದ್ದನ್ನು ತಿನ್ನಬೇಡಿ, ತೆಳ್ಳಗಿನ ಪದಾರ್ಥದಲ್ಲಿ ಅದರ ಬೇರು ಕಣ್ಣಿಗೆ ಕಾಣದೆ ಒಳಗೆ ಹೋಗಿರುತ್ತದೆ.

ನನ್ನ ಫೋನಿನಲ್ಲಿ ಒಂದು ಚಿಕ್ಕ ಟಿಪ್ಪಣಿ ಇದೆ, ಮೂರೇ ಸಾಲು:

220–228: ಅಕ್ಕನಿಗೆ ಬೇಡವೇ ಬೇಡ, ಮಕ್ಕಳಿಗೆ ದಿನಾ ಬೇಡ.
249–252, ಸೆಲರಿ ಪುಡಿ: ಅಪರೂಪಕ್ಕೆ, ಕರಕಲು ಮಾಡದೆ.
210–213: 300 ಜೊತೆಗಿದ್ದರೆ ಬಿಸಿಲಿಗೆ ಬೇಡ.

ಅಕ್ಕ ಏಪ್ರಿಕಾಟ್ ಬಿಡಲಿಲ್ಲ. ಈಗ ಕಂದು ಬಣ್ಣದ್ದನ್ನೇ ಹುಡುಕಿ ತರುತ್ತಾಳೆ. ಮೊದಲ ಸಲ ತಂದಾಗ ಭಾವ ಡಬ್ಬಿ ತೆಗೆದು ನೋಡಿ, "ಇದೇನೇ ಹಳೇ ಚಪ್ಪಲಿ ತುಂಡಿನ ಥರ ಇದೆ?" ಅಂದರು. ರಾತ್ರಿ ನೋಡಿದರೆ ಡಬ್ಬಿ ಅರ್ಧ ಖಾಲಿ.